ಮೆಂಡಲನ ಕಥೆ ಆಯಿತು, ಇನ್ನು ಲೆಕ್ಕದ ದಾರಿ ತೋರಿಸಿ

ಮನೆಯಲ್ಲಿ ಹತ್ತನೇ ತರಗತಿ ಓದುವ ಮಗನೋ ಮಗಳೋ ಇದ್ದರೆ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಜೀವಶಾಸ್ತ್ರದಲ್ಲಿ ಮೆಂಡಲನ ಪಾಠ ಮುಗಿದಿದೆಯೇ ಎಂದು ಕೇಳಿ. ಮುಗಿದಿದೆ ಎಂದರೆ ಒಂದು ಚೀಟಿಯಲ್ಲಿ Tt × tt ಎಂದು ಬರೆದು, ‘ಈ ಎರಡು ಬಟಾಣಿ ಗಿಡಗಳನ್ನು ಸೇರಿಸಿದರೆ ಎಷ್ಟು ಎತ್ತರದವು, ಎಷ್ಟು ಗಿಡ್ಡ?’ ಎಂದು ಕೇಳಿ. ನಿಮಗೆ ಉತ್ತರ ಗೊತ್ತಿರಬೇಕೆಂದೇನಿಲ್ಲ. ಅರ್ಧ ಎತ್ತರ, ಅರ್ಧ ಗಿಡ್ಡ ಎಂಬುದು ಸರಿಯುತ್ತರ. ಆದರೆ ಹೆಚ್ಚಿನ ಮಕ್ಕಳು ಯೋಚನೆ ಮಾಡದೆ ‘ಮೂರಕ್ಕೆ ಒಂದು’ ಎನ್ನುತ್ತಾರೆ. ಹಾಗೆ ಅಂದರೆ ಮಗುವಿನದು ತಪ್ಪಲ್ಲ. ಪಾಠವನ್ನು ಕಥೆಯಾಗಿ ಹೇಳಲಾಗಿದೆ, ಲೆಕ್ಕವಾಗಿ ಕಲಿಸಿಲ್ಲ ಎಂದು ಅರ್ಥ.

ಆದವಾನಿ, ಆಲೂರು, ಹೊಳಗುಂದಿ, ಕೌತಾಳಂ ಕಡೆಯ ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಗಣಿತದಲ್ಲಿ ಹಿಂದೆ ಬಿದ್ದವರಲ್ಲ. ಬಡ್ಡಿ ಲೆಕ್ಕ, ಪಾಲು ಲೆಕ್ಕ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಾರೆ. ಅದೇ ಮಕ್ಕಳು ಅನುವಂಶೀಯತೆಯ ಪಾಠಕ್ಕೆ ಬಂದಾಗ ಬಾಯಿಪಾಠಕ್ಕೆ ಇಳಿಯುತ್ತಾರೆ. ಮೆಂಡಲ್ ಬ್ರನೋ ಊರಿನ ಮಠದಲ್ಲಿದ್ದ ಪಾದ್ರಿ, ಬಟಾಣಿ ಬೆಳೆದ, ಏಳು ಗುಣ ಆರಿಸಿಕೊಂಡ, 3:1, 9:3:3:1 ಎಂದು ಗಿಳಿಪಾಠ ಒಪ್ಪಿಸುತ್ತಾರೆ. ಆ ಅಂಕಿಗಳು ಎಲ್ಲಿಂದ ಬಂದವು ಎಂದರೆ ಮೌನ. ಮೇಷ್ಟರು ನಲವತ್ತು ನಿಮಿಷ ಚೆನ್ನಾಗಿ ಮಾತಾಡಿರುತ್ತಾರೆ, ಹಲಗೆಯ ಮೇಲೆ ಒಂದು ಚೌಕ ಬರೆದಿರುತ್ತಾರೆ, ಮಕ್ಕಳು ಆ ಚೌಕವನ್ನೇ ನಕಲು ಮಾಡಿಕೊಂಡಿರುತ್ತಾರೆ. ಪ್ರಶ್ನೆ ಒಂದು ಅಕ್ಷರ ಬದಲಾದರೆ ನಕಲಿನ ಚೌಕ ಕೆಲಸಕ್ಕೆ ಬರುವುದಿಲ್ಲ.

ಈ ಪಾಠವನ್ನು ಆರು ಹೆಜ್ಜೆಯ ಲೆಕ್ಕವಾಗಿ ಮಾಡಬಹುದು. ಮಾಡಬೇಕು ಎಂಬುದು ನನ್ನ ವಾದ. ಅದಕ್ಕೆ ಮೊದಲು ನಮ್ಮ ಮಕ್ಕಳಿಗೇ ವಿಶೇಷವಾಗಿ ಬರುವ ಎರಡು ತೊಡಕುಗಳನ್ನು ಹೇಳುತ್ತೇನೆ.

ಮೊದಲನೆಯದು ಪದದ ತೊಡಕು. ಎತ್ತರದ ಗುಣವನ್ನು ‘ಪ್ರಬಲ’, ಗಿಡ್ಡ ಗುಣವನ್ನು ‘ದುರ್ಬಲ’ ಎಂದು ನಮ್ಮ ತರಗತಿಗಳಲ್ಲಿ ಹೇಳುವ ರೂಢಿ ಇದೆ. ದುರ್ಬಲ ಎಂದ ಕೂಡಲೇ ಮಗು ಸೊರಗಿದ ಗಿಡವನ್ನು, ಕಡಿಮೆ ಸಂಖ್ಯೆಯನ್ನು, ಕೊನೆಗೆ ಸತ್ತುಹೋಗುವುದನ್ನು ಕಲ್ಪಿಸಿಕೊಳ್ಳುತ್ತದೆ. ವಿಷಯ ಅದಲ್ಲ. ನಾನು ಕನ್ನಡದ ಜೊತೆಗೆ ತಮಿಳಿನಲ್ಲೂ ಓದಿದವನು. ಅಲ್ಲಿ ಇವೆರಡನ್ನು ‘ಓಂಗು’ ಮತ್ತು ‘ಒಡುಂಗು’ ಎನ್ನುತ್ತಾರೆ. ಓಂಗು ಅಂದರೆ ಎದ್ದು ನಿಲ್ಲುವುದು, ಒಡುಂಗು ಅಂದರೆ ಮುದುರಿ ಒಳಗೆ ಸರಿದುಕೊಳ್ಳುವುದು. ನಮ್ಮ ಪಕ್ಕದ ತೆಲುಗು ಮಾಧ್ಯಮದ ಮಕ್ಕಳಿಗೆ ‘ಬಹಿರ್ಗತ’, ‘ಅಂತರ್ಗತ’ ಎಂಬ ಪದಗಳಿವೆ. ಹೊರಗೆ ಕಾಣುವುದು, ಒಳಗೆ ಅಡಗಿರುವುದು. ಈ ಎರಡೂ ಭಾಷೆಯವರು ನಮಗಿಂತ ಸರಿಯಾಗಿ ಹೇಳಿದ್ದಾರೆ. ಸ್ವತಃ ಮೆಂಡಲ್ ಆ ಹೆಸರು ಕೊಟ್ಟದ್ದೇ ಆ ಗುಣ ಸಂಕರದಲ್ಲಿ ಹಿಂದೆ ಸರಿದು, ಮುಂದಿನ ಪೀಳಿಗೆಯಲ್ಲಿ ಸ್ವಲ್ಪವೂ ಕುಂದದೆ ಮತ್ತೆ ಕಾಣಿಸಿಕೊಳ್ಳುವುದರಿಂದ. ರಕ್ತದ ಗುಂಪಿನಲ್ಲಿ O ಕೂಡ ಅಡಗುವ ಗುಣವೇ. ಆದರೂ ಪ್ರತಿ ಬೀದಿಯಲ್ಲೂ O ಗುಂಪಿನವರು ಎಷ್ಟೊಂದು ಜನ ಸಿಗುತ್ತಾರೆ, ಯಾರೂ ದುರ್ಬಲರಲ್ಲ. ಪರೀಕ್ಷೆಯಲ್ಲಿ ಪುಸ್ತಕದ ಪದವನ್ನೇ ಬರೆಯಲಿ. ಮನಸ್ಸಿನಲ್ಲಿ ಮಾತ್ರ ‘ಅಡಗಿದ ಗುಣ’ ಎಂದಿಟ್ಟುಕೊಳ್ಳಲಿ.

ಎರಡನೆಯದು ಅಕ್ಷರದ ತೊಡಕು. ಇದನ್ನು ಯಾರೂ ಗಮನಿಸುವುದಿಲ್ಲ. ಈ ಇಡೀ ಲೆಕ್ಕ ನಿಂತಿರುವುದು ದೊಡ್ಡಕ್ಷರ, ಚಿಕ್ಕಕ್ಷರ ಎಂಬ ವ್ಯತ್ಯಾಸದ ಮೇಲೆ. ಕಾಣುವ ಗುಣಕ್ಕೆ ದೊಡ್ಡ T, ಅಡಗುವ ಗುಣಕ್ಕೆ ಚಿಕ್ಕ t. ಆದರೆ ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬುದೇ ಇಲ್ಲ. ನಮ್ಮ ಮಗುವಿನ ಕಣ್ಣಿಗೆ ಅವೆರಡೂ ಒಂದೇ ಅಕ್ಷರದ ಎರಡು ಆಕಾರ, ಅಷ್ಟೇ. ಅವಸರದಲ್ಲಿ Y ಮತ್ತು y ಒಂದೇ ಅಳತೆಯಲ್ಲಿ ಬರೆಯುತ್ತದೆ, ಎರಡು ಸಾಲು ಕೆಳಗೆ ಬರುವಷ್ಟರಲ್ಲಿ ಯಾವುದು ಯಾವುದೆಂದು ತನಗೇ ತಿಳಿಯದು. ಜೊತೆಗೆ ಎತ್ತರಕ್ಕೆ T ಯಾಕೆ, ದುಂಡಗಿನದಕ್ಕೆ R ಯಾಕೆ, ಹಳದಿಗೆ Y ಯಾಕೆ ಎಂಬುದೂ ಅದಕ್ಕೆ ಗೊತ್ತಿಲ್ಲ. ಟಾಲ್, ರೌಂಡ್, ಎಲ್ಲೋ ಎಂಬ ಇಂಗ್ಲಿಷ್ ಪದಗಳ ಮೊದಲಕ್ಷರ ಅವು ಎಂದು ಒಮ್ಮೆ ಹೇಳಿದರೆ ಸಾಕು, ಅರ್ಧ ಗೊಂದಲ ಹೋಗುತ್ತದೆ. ಉಳಿದರ್ಧಕ್ಕೆ ನಾಲ್ಕು ಗೆರೆಯ ಇಂಗ್ಲಿಷ್ ಕಾಪಿಯಲ್ಲಿ ಈ ಲೆಕ್ಕ ಮಾಡಿಸಿ. ದೊಡ್ಡಕ್ಷರ ಮೇಲಿನ ಗೆರೆ ಮುಟ್ಟಲಿ, ಅದರ ಕೆಳಗೆ ಒಂದು ಅಡ್ಡಗೆರೆಯನ್ನೂ ಎಳೆಯಲಿ. ಹತ್ತು ಲೆಕ್ಕ ಆದ ಮೇಲೆ ಅಡ್ಡಗೆರೆ ಬೇಕಾಗುವುದಿಲ್ಲ.

ಈಗ ಹೆಜ್ಜೆಗಳಿಗೆ ಬರೋಣ. ಒಂದೇ ಗುಣದ ಲೆಕ್ಕಕ್ಕೆ ಪುಸ್ತಕದಲ್ಲಿ ಏಕತಳೀಕರಣ ಎಂದು ಹೆಸರು. ನಾವು ಮೇಲೆ ಕೇಳಿದ Tt × tt ಲೆಕ್ಕವನ್ನೇ ಬಿಡಿಸೋಣ.

ಮೊದಲ ಹೆಜ್ಜೆ, ಗುರುತಿನ ಸಾಲು. ಯಾವ ಲೆಕ್ಕವಾದರೂ ಮೊದಲ ಸಾಲಿನಲ್ಲಿ ‘T = ಎತ್ತರ, t = ಗಿಡ್ಡ’ ಎಂದು ಕನ್ನಡದಲ್ಲಿ ಬರೆಯಬೇಕು. ಎರಡನೆಯದು, ತಂದೆ ಗಿಡ, ತಾಯಿ ಗಿಡ ಎರಡರ ಅಕ್ಷರ ಜೋಡಿಗಳನ್ನು ಬರೆಯುವುದು. ಪ್ರತಿ ಗಿಡಕ್ಕೂ ಒಂದು ಗುಣಕ್ಕೆ ಎರಡಕ್ಷರ. ಒಂದು ತಂದೆಯಿಂದ ಬಂದದ್ದು, ಒಂದು ತಾಯಿಯಿಂದ ಬಂದದ್ದು. ಈ ಅಕ್ಷರ ಜೋಡಿಗೆ ಜೀನ್ ನಮೂನೆ ಎನ್ನುತ್ತಾರೆ. ಮೂರನೆಯ ಹೆಜ್ಜೆಯಲ್ಲಿ ಲಿಂಗಾಣುಗಳನ್ನು ಬರೆಯಬೇಕು. ಗಿಡ ತನ್ನ ಮಗುವಿಗೆ ಎರಡಕ್ಷರವನ್ನೂ ಕೊಡುವುದಿಲ್ಲ, ಒಂದನ್ನೇ ಕೊಡುತ್ತದೆ. Tt ಗಿಡ ಅರ್ಧ ಪಾಲು T, ಅರ್ಧ ಪಾಲು t ಕೊಡುತ್ತದೆ. tt ಗಿಡ ಯಾವಾಗಲೂ t ಯನ್ನೇ ಕೊಡುತ್ತದೆ. ಪ್ರತಿಯೊಂದಕ್ಕೂ ಸುತ್ತ ಒಂದು ಸೊನ್ನೆ ಬರೆಯಲಿ, ಸೊನ್ನೆಯೊಳಗೆ ಒಂದೇ ಅಕ್ಷರ.

ಹತ್ತರಲ್ಲಿ ಎಂಟು ತಪ್ಪು ಹುಟ್ಟುವುದು ಈ ಮೂರನೆಯ ಹೆಜ್ಜೆಯಲ್ಲೇ ಎಂದು ನನ್ನ ಅನುಭವ ಹೇಳುತ್ತದೆ. ಭಾಷಣದ ಪಾಠದಲ್ಲಿ ಮೇಷ್ಟರು ಈ ಹೆಜ್ಜೆಯನ್ನು ಬಾಯಲ್ಲಿ ಹೇಳಿ ನೇರ ಚೌಕಕ್ಕೆ ಹೋಗುತ್ತಾರೆ. ಮಗು ಚೌಕದ ಮೇಲೆ Tt ಎಂದೇ ಇಡುತ್ತದೆ, ಮನೆಯೊಳಗೆ Tttt ಎಂದು ನಾಲ್ಕಕ್ಷರ ಬರುತ್ತದೆ. ಒಂದು ಗುಣದ ಲೆಕ್ಕದಲ್ಲಿ ಯಾವ ಮನೆಯಲ್ಲಾದರೂ ಎರಡಕ್ಕಿಂತ ಹೆಚ್ಚು ಅಕ್ಷರ ಕಂಡರೆ ಲಿಂಗಾಣುವಿನ ಸಾಲು ತಪ್ಪಿದೆ ಎಂದು ಪಾಲಕರೂ ಹೇಳಬಹುದು. ಅದಕ್ಕೆ ಜೀವಶಾಸ್ತ್ರ ಓದಿರಬೇಕಿಲ್ಲ.

ನಾಲ್ಕನೆಯದು ಚೌಕ. ಇದನ್ನು ಪುನೆಟ್ ಎಂಬ ಇಂಗ್ಲಿಷ್ ವಿಜ್ಞಾನಿಯ ಹೆಸರಿನಲ್ಲಿ ಪುನೆಟ್ ಚೌಕ ಎನ್ನುತ್ತಾರೆ. ಒಬ್ಬರ ಲಿಂಗಾಣುಗಳು ಮೇಲೆ, ಇನ್ನೊಬ್ಬರವು ಎಡಕ್ಕೆ.

```
      T     t
t     Tt    tt
t     Tt    tt
```

ಐದನೆಯ ಹೆಜ್ಜೆ, ಅಕ್ಷರ ಜೋಡಿಗಳನ್ನು ಎಣಿಸುವುದು. ಎರಡು Tt, ಎರಡು tt. ಒಟ್ಟು ನಾಲ್ಕು ಮನೆ, ಕೂಡಿದರೆ ನಾಲ್ಕೇ ಬರಬೇಕು. ಆರನೆಯದು, ಜೋಡಿಯನ್ನು ಕಣ್ಣಿಗೆ ಕಾಣುವ ರೂಪಕ್ಕೆ ತಿರುಗಿಸಿ ಪ್ರಶ್ನೆ ಕೇಳಿದ್ದಕ್ಕೆ ಉತ್ತರ ಬರೆಯುವುದು. ದೊಡ್ಡ T ಒಂದಿದ್ದರೂ ಎತ್ತರ, ಎರಡೂ ಚಿಕ್ಕ t ಆದರೆ ಗಿಡ್ಡ. ಹಾಗಾಗಿ 2:2, ಅಂದರೆ 1:1. ಪ್ರಶ್ನೆ ‘80 ಸಸಿಗಳಲ್ಲಿ ಗಿಡ್ಡ ಎಷ್ಟು?’ ಎಂದಿದ್ದರೆ 80ರ ಅರ್ಧ, 40. ಐದು ಮತ್ತು ಆರನ್ನು ಬೆರೆಸಬಾರದು. Tt × Tt ಲೆಕ್ಕದಲ್ಲಿ ಅಕ್ಷರ ಎಣಿಸಿದರೆ 1:2:1, ರೂಪ ಎಣಿಸಿದರೆ 3:1. ಜೀನ್ ನಮೂನೆ ಕೇಳಿದ ಕಡೆ 3:1 ಬರೆದು ಅಂಕ ಕಳೆದುಕೊಳ್ಳುವ ಮಕ್ಕಳು ಬಹಳ.

ಇನ್ನು 3:1 ಅಂದರೆ ಏನು? ನಾಲ್ಕು ಬೀಜ ಬಿತ್ತಿದರೆ ಮೂರು ಎತ್ತರ, ಒಂದು ಗಿಡ್ಡ ಬಂದೇ ಬರುತ್ತದೆ ಎಂದು ಮಕ್ಕಳು ತಿಳಿಯುತ್ತಾರೆ. ಹಾಗಲ್ಲ. ಅದನ್ನು ತೋರಿಸಲು ಎರಡು ರೂಪಾಯಿ ನಾಣ್ಯ ಸಾಕು. ಒಂದು ನಾಣ್ಯ ತಂದೆ, ಒಂದು ನಾಣ್ಯ ತಾಯಿ, ಎರಡೂ Tt. ಸಿಂಹದ ಬದಿ T, ಅಂಕಿಯ ಬದಿ t. ಎರಡನ್ನೂ ಒಟ್ಟಿಗೆ ಚಿಮ್ಮಿ ಬಿದ್ದದ್ದನ್ನು ಬರೆದುಕೊಳ್ಳಲಿ. ನಾಲ್ಕೇ ಸಲ ಚಿಮ್ಮಿದರೆ ಸರಿಯಾಗಿ ಮೂರಕ್ಕೊಂದು ಬರುವ ಸಾಧ್ಯತೆ 64ರಲ್ಲಿ 27 ಮಾತ್ರ, ಅರ್ಧಕ್ಕಿಂತ ಕಡಿಮೆ. ನೂರು ಸಲ ಚಿಮ್ಮಿದರೆ 75:25ರ ಹತ್ತಿರ ಬರುತ್ತದೆ, ಆದರೂ ಕರಾರುವಾಕ್ಕಾಗಿ ಬರುವುದು ಅಪರೂಪ. ಮೆಂಡಲನಿಗೂ ಹಾಗೆಯೇ. ಅವನಿಗೆ ಸಿಕ್ಕಿದ್ದು 787 ಎತ್ತರದ ಗಿಡ, 277 ಗಿಡ್ಡ ಗಿಡ. ಭಾಗಿಸಿದರೆ 2.84. (ಚೌಕಾಬಾರದ ಹುಣಸೆ ಬೀಜ ಬಳಸಬಹುದಲ್ಲ ಎಂದು ಒಬ್ಬ ತಾಯಿ ಕೇಳಿದ್ದರು. ಆಸೆಗೆ ಚೆನ್ನಾಗಿದೆ, ಆದರೆ ತೇಯ್ದ ಬದಿ ಚಪ್ಪಟೆ, ಇನ್ನೊಂದು ಉಬ್ಬು. ಎರಡೂ ಬದಿ ಸಮಸಮ ಬೀಳುವ ಭರವಸೆ ಇಲ್ಲ. ನಾಣ್ಯವೇ ವಾಸಿ.) ನಮ್ಮ Tt × tt ಲೆಕ್ಕಕ್ಕೆ ಒಂದೇ ನಾಣ್ಯ ಚಿಮ್ಮಿದರೆ ಸಾಕು. ಇನ್ನೊಬ್ಬರು ಕೊಡುವುದು ಯಾವಾಗಲೂ t ತಾನೇ.

ಪರೀಕ್ಷೆಯಲ್ಲಿ ಲೆಕ್ಕವನ್ನು ತಿರುಗಿಸಿಯೂ ಕೇಳುತ್ತಾರೆ. ‘ಎತ್ತರದ ಗಿಡವೊಂದನ್ನು ಗಿಡ್ಡ ಗಿಡದೊಂದಿಗೆ ಸಂಕರ ಮಾಡಿದಾಗ 100 ಸಸಿಗಳಲ್ಲಿ 52 ಎತ್ತರ, 48 ಗಿಡ್ಡ ಬಂದವು. ಎತ್ತರದ ಗಿಡದ ಜೀನ್ ನಮೂನೆ ಏನು?’ ಇದಕ್ಕೆ ಮಕ್ಕಳು ಗಾಬರಿಯಾಗುತ್ತಾರೆ. ಗಾಬರಿ ಬೇಡ, ಗಿಡ್ಡ ಮಗುವಿನಿಂದ ಶುರು ಮಾಡಲಿ. ಗಿಡ್ಡ ಅಂದರೆ tt. ಅದರ ಒಂದು t ತಂದೆಯಿಂದ, ಒಂದು t ತಾಯಿಯಿಂದ ಬಂದಿರಲೇಬೇಕು. ಹಾಗಾದರೆ ಎತ್ತರದ ಗಿಡದಲ್ಲಿ ಒಂದು t ಅಡಗಿದೆ. ಎತ್ತರ ಕಾಣುತ್ತಿರುವುದರಿಂದ ಇನ್ನೊಂದು T. ಉತ್ತರ Tt. ಗಿಡ್ಡ ಮಗು ಒಂದೇ ಒಂದು ಕಂಡರೂ ಈ ತೀರ್ಮಾನ ಖಚಿತ. ಆದರೆ ತದ್ವಿರುದ್ಧ ಖಚಿತವಲ್ಲ. ಆರು ಸಸಿ ಬೆಳೆಸಿ ಆರೂ ಎತ್ತರ ಬಂದರೆ ತಂದೆ ಗಿಡ TT ಎಂದು ಆಣೆ ಮಾಡುವಂತಿಲ್ಲ. Tt ಆಗಿದ್ದರೂ 64 ಸಲಕ್ಕೊಮ್ಮೆ ಹಾಗಾಗಬಹುದು. ಹೆಚ್ಚು ಸಸಿ ಬೆಳೆಸಿದಷ್ಟೂ ಅನುಮಾನ ಕಡಿಮೆಯಾಗುತ್ತದೆ.

ಎರಡು ಗುಣಗಳ ಲೆಕ್ಕ, ಅಂದರೆ ದ್ವಿತಳೀಕರಣ, ಮಕ್ಕಳನ್ನು ಹೆದರಿಸುವ ಹದಿನಾರು ಮನೆಯ ಚೌಕ. ಅದನ್ನು ಮೊದಲ ದಿನವೇ ಹಲಗೆಯ ಮೇಲೆ ಬರೆಯುವುದು ತಪ್ಪು ಕ್ರಮ ಎಂದೇ ನಾನು ಹೇಳುತ್ತೇನೆ. ಹದಿನಾರು ಮನೆಯಲ್ಲಿ ಅರವತ್ತನಾಲ್ಕು ಅಕ್ಷರ ಬರೆಯುವಾಗ ಎಲ್ಲೋ ಒಂದು ತಪ್ಪುತ್ತದೆ, ಕೊನೆಗೆ ಮಗು ಎಣಿಸುವುದನ್ನು ಬಿಟ್ಟು 9:3:3:1 ಎಂದು ನೆನಪಿನಿಂದ ಬರೆದುಬಿಡುತ್ತದೆ. ಮೆಂಡಲನ ಅಂಕಿಗಳೇ ಬೇರೆ ದಾರಿ ತೋರಿಸುತ್ತವೆ.

ಅವನು ದುಂಡು ಹಳದಿ ಬೀಜದ ಬಟಾಣಿಯನ್ನು ಸುಕ್ಕು ಹಸಿರು ಬೀಜದ ಬಟಾಣಿಯೊಂದಿಗೆ ಸೇರಿಸಿದ. ಮೊದಲ ಪೀಳಿಗೆಯೆಲ್ಲ ದುಂಡು ಹಳದಿ. ಅವುಗಳನ್ನು ತಮ್ಮಷ್ಟಕ್ಕೆ ಪರಾಗಸ್ಪರ್ಶವಾಗಲು ಬಿಟ್ಟಾಗ 556 ಬೀಜ ಸಿಕ್ಕವು. ದುಂಡು ಹಳದಿ 315, ದುಂಡು ಹಸಿರು 108, ಸುಕ್ಕು ಹಳದಿ 101, ಸುಕ್ಕು ಹಸಿರು 32. ಈಗ ಬಣ್ಣವನ್ನು ಮರೆತು ಆಕಾರ ಮಾತ್ರ ನೋಡಿ. ದುಂಡು 315 + 108 = 423, ಸುಕ್ಕು 101 + 32 = 133. ಹೆಚ್ಚುಕಡಿಮೆ 3:1. ಆಕಾರ ಮರೆತು ಬಣ್ಣ ನೋಡಿ. ಹಳದಿ 315 + 101 = 416, ಹಸಿರು 108 + 32 = 140. ಮತ್ತೆ 3:1. ಅಂದರೆ ದೊಡ್ಡ ಲೆಕ್ಕದೊಳಗೆ ಎರಡು ಚಿಕ್ಕ ಲೆಕ್ಕಗಳು ಒಂದನ್ನೊಂದು ಕೆಣಕದೆ ಕೂತಿವೆ. ಹಾಗಿದ್ದರೆ ದುಂಡು ಹಳದಿ ಎಷ್ಟು? ನಾಲ್ಕರಲ್ಲಿ ಮೂರು ಪಾಲು ದುಂಡು, ಆ ದುಂಡಿನಲ್ಲಿ ನಾಲ್ಕರಲ್ಲಿ ಮೂರು ಪಾಲು ಹಳದಿ. 3/4 × 3/4 = 9/16. ದುಂಡು ಹಸಿರು 3/4 × 1/4 = 3/16. ಸುಕ್ಕು ಹಳದಿ 1/4 × 3/4 = 3/16. ಸುಕ್ಕು ಹಸಿರು 1/4 × 1/4 = 1/16. ಆ ಪ್ರಸಿದ್ಧ 9:3:3:1 ಇಲ್ಲಿಂದ ಹುಟ್ಟಿತು. ಬಾಯಿಪಾಠ ಬೇಕಿಲ್ಲ, ಏಳನೇ ತರಗತಿಯ ಭಿನ್ನರಾಶಿ ಸಾಕು.

ಹೀಗೆ ಕಲಿತ ಮಗು ಹೊಸ ಲೆಕ್ಕಕ್ಕೆ ಹೆದರುವುದಿಲ್ಲ. RrYy × Rryy ಕೊಟ್ಟರು ಎನ್ನಿ. ಆಕಾರವನ್ನು ಬೇರೆ ಮಾಡಿದರೆ Rr × Rr, 3/4 ದುಂಡು, 1/4 ಸುಕ್ಕು. ಬಣ್ಣವನ್ನು ಬೇರೆ ಮಾಡಿದರೆ Yy × yy, ಇದು ನಾವು ಮೊದಲು ಬಿಡಿಸಿದ ಲೆಕ್ಕವೇ, 1/2 ಹಳದಿ, 1/2 ಹಸಿರು. ಗುಣಿಸಿದರೆ ದುಂಡು ಹಳದಿ 3/8, ದುಂಡು ಹಸಿರು 3/8, ಸುಕ್ಕು ಹಳದಿ 1/8, ಸುಕ್ಕು ಹಸಿರು 1/8. ಅನುಪಾತ 3:3:1:1. ನಾಲ್ಕೂ ಭಿನ್ನರಾಶಿ ಕೂಡಿದರೆ ಒಂದು ಬರಬೇಕು, ಬಂದಿದೆ.

ಪರೀಕ್ಷೆಯಲ್ಲಿ ‘ಚೌಕದ ಸಹಾಯದಿಂದ ತೋರಿಸಿ’ ಎಂದು ಕೇಳಿದರೆ ಚೌಕ ಬರೆಯಲೇಬೇಕು, ಗುಣಾಕಾರ ಮಾತ್ರ ಬರೆದರೆ ಪೂರ್ತಿ ಅಂಕ ಬರುವುದಿಲ್ಲ. ಆಗಲೂ ಕಷ್ಟವಾಗುವುದು ಲಿಂಗಾಣುವಿನ ಸಾಲೇ. ಒಂದು ಲಿಂಗಾಣುವಿನಲ್ಲಿ ಆಕಾರದ ಒಂದಕ್ಷರ, ಬಣ್ಣದ ಒಂದಕ್ಷರ ಇರಬೇಕು. Rr ಎಂಬ ಲಿಂಗಾಣು ಆಗುವುದಿಲ್ಲ, ಅದರಲ್ಲಿ ಬಣ್ಣವೇ ಇಲ್ಲ. RrYy ಗಿಡಕ್ಕೆ ಮೊದಲು R ಇಟ್ಟು ಅದರ ಜೊತೆ Y, y ಎರಡನ್ನೂ ಸೇರಿಸಲಿ: RY, Ry. ಆಮೇಲೆ r ಇಟ್ಟು ಅದೇ ರೀತಿ: rY, ry. ನಾಲ್ಕಾಯಿತು. Rryy ಗಿಡಕ್ಕೆ Ry, ry ಎರಡೇ. ಹಾಗಾಗಿ ಈ ಲೆಕ್ಕದ ಚೌಕಕ್ಕೆ ಎಂಟು ಮನೆ ಸಾಕು, ಹದಿನಾರು ಬೇಕಿಲ್ಲ. ಗುಣಾಕಾರದ ಉತ್ತರ ಮೊದಲೇ ಕೈಯಲ್ಲಿದ್ದರೆ ಚೌಕದಲ್ಲಿ ತಪ್ಪಾದದ್ದು ಕೂಡಲೇ ಗೊತ್ತಾಗುತ್ತದೆ. ಮನೆಯಲ್ಲಿ ಆಟವಾಗಿ ಮಾಡುವುದಾದರೆ ಆಕಾರಕ್ಕೆ ಎರಡು ರೂಪಾಯಿ ನಾಣ್ಯ, ಬಣ್ಣಕ್ಕೆ ಎರಡು ಐದು ರೂಪಾಯಿ ನಾಣ್ಯ ತೆಗೆದುಕೊಳ್ಳಿ. ರೂಪಾಯಿ ನಾಣ್ಯ ಹೇಗೆ ಬಿತ್ತೆಂಬುದು ಐದು ರೂಪಾಯಿಗೆ ಗೊತ್ತಿಲ್ಲ. ಗುಣಾಕಾರಕ್ಕೆ ಅದೇ ಕಾರಣ.

ಬಟಾಣಿ ನಮ್ಮ ಹೊಲದ ಬೆಳೆಯಲ್ಲ, ಆದ್ದರಿಂದಲೇ ಈ ಪಾಠ ನಮ್ಮ ಮಕ್ಕಳಿಗೆ ದೂರದ ಕಥೆಯಂತೆ ಕೇಳುತ್ತದೆ. ಆದರೆ ಇದೇ ಲೆಕ್ಕ ನಮ್ಮ ಹತ್ತಿ ಕಾಯಿಯೊಳಗೆ ನಡೆಯುತ್ತಿದೆ. ಆದವಾನಿ ಮಾರುಕಟ್ಟೆಗೆ ಹತ್ತಿ ತರುವ ರೈತರಿಗೆ ಬಿಟಿ ಬೀಜದ ಪೊಟ್ಟಣ ಗೊತ್ತು, ಗುಲಾಬಿ ಕಾಯಿಕೊರಕ ಹುಳುವಿನ ಹಾವಳಿಯೂ ಗೊತ್ತು. 2006ರಿಂದ ನಮ್ಮ ದೇಶದಲ್ಲಿ ಬಂದ ಬೋಲ್‌ಗಾರ್ಡ್-2 ಹತ್ತಿಯಲ್ಲಿ ಹುಳುವಿನ ವಿರುದ್ಧ ಎರಡು ಜೀನುಗಳಿವೆ, cry1Ac ಮತ್ತು cry2Ab. ನಮ್ಮಲ್ಲಿ ಮಾರುವುದು ಸಂಕರ ತಳಿಯ ಬೀಜ. ಸಾಮಾನ್ಯವಾಗಿ ಆ ಸಂಕರದ ಒಬ್ಬ ಪಾಲಕನಿಂದ ಮಾತ್ರ ಈ ಜೀನುಗಳು ಬಂದಿರುತ್ತವೆ. ಮೊದಲ ಜೀನು ಇದ್ದರೆ A, ಇಲ್ಲದಿದ್ದರೆ a ಎನ್ನೋಣ. ಎರಡನೆಯದು ಇದ್ದರೆ B, ಇಲ್ಲದಿದ್ದರೆ b. ಹಾಗಾದರೆ ಹೊಲದಲ್ಲಿ ನಿಂತಿರುವ ಪ್ರತಿ ಗಿಡವೂ AaBb. ಹತ್ತಿ ಹೂವು ಬಹುಪಾಲು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಅಂದರೆ ಕಾಯಿಯೊಳಗಿನ ಬೀಜಗಳು AaBb × AaBb ಸಂಕರದ ಮಕ್ಕಳು.

ಈಗ ನಿಮ್ಮ ಮಗು ಲೆಕ್ಕ ಮಾಡಲಿ. ಮೊದಲ ಜೀನು ಇರುವ ಬೀಜ 3/4, ಇಲ್ಲದ್ದು 1/4. ಎರಡನೆಯದಕ್ಕೂ ಹಾಗೆಯೇ. ಎರಡೂ ಇರುವುದು 9/16, ಮೊದಲನೆಯದು ಮಾತ್ರ 3/16, ಎರಡನೆಯದು ಮಾತ್ರ 3/16, ಎರಡೂ ಇಲ್ಲದ್ದು 1/16. ಒಂದು ಕಾಯಿಯಲ್ಲಿ 32 ಬೀಜ ಇವೆ ಎಂದುಕೊಂಡರೆ ಸುಮಾರು 18ರಲ್ಲಿ ಎರಡು ವಿಷವೂ ಇದೆ, 12ರಲ್ಲಿ ಒಂದೊಂದೇ ಇದೆ, 2ರಲ್ಲಿ ಯಾವುದೂ ಇಲ್ಲ. ಗುಲಾಬಿ ಕಾಯಿಕೊರಕ ತಿನ್ನುವುದು ಕಾಯಿಯೊಳಗಿನ ಬೀಜವನ್ನೇ. ಒಂದೇ ವಿಷ ಇರುವ ಬೀಜ ತಿಂದು ಬದುಕಿದ ಹುಳು ಆ ವಿಷಕ್ಕೆ ಒಗ್ಗಿಕೊಂಡ ಮರಿಗಳನ್ನು ಬಿಟ್ಟುಹೋಗುತ್ತದೆ. ಹುಳು ಬಿಟಿಗೆ ಬಗ್ಗದಿರುವುದಕ್ಕೆ ವಿಜ್ಞಾನಿಗಳು ಕೊಡುವ ಕಾರಣಗಳಲ್ಲಿ ಇದೂ ಒಂದು. ಬೇರೆ ಕಾರಣಗಳೂ ಇವೆ, ಹಂಗಾಮು ಮುಗಿದರೂ ಗಿಡ ಕೀಳದೆ ಬಿಡುವುದು ಅವುಗಳಲ್ಲಿ ಸೇರಿದೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ಪುಸ್ತಕದ ಲೆಕ್ಕಕ್ಕೂ ಬೇಕಾದದ್ದು. ಕಾಯಿಯ ಹಸಿರು ಸಿಪ್ಪೆ ತಾಯಿ ಗಿಡದ ಮೈ, ಅದು AaBb, ಅದರಲ್ಲಿ ಎರಡೂ ವಿಷ ಇದೆ. ಒಳಗಿನ ಬೀಜ ಮಾತ್ರ ಮುಂದಿನ ಪೀಳಿಗೆ. ಬಟಾಣಿಯಲ್ಲೂ ಹಾಗೆಯೇ. ಬೀಜದ ಆಕಾರ, ಬಣ್ಣ ಲೆಕ್ಕ ಮಾಡಲು ಆ ಗಿಡದ ಕಾಯಿ ಬಿಡಿಸಿದರೆ ಸಾಕು. ಎತ್ತರ ಗಿಡ್ಡ ಲೆಕ್ಕ ಮಾಡಲು ಆ ಬೀಜವನ್ನು ಬಿತ್ತಿ ಬೆಳೆಸಬೇಕು. ಯಾವ ಪೀಳಿಗೆ ಎಂದು ಕೇಳುವ ಪ್ರಶ್ನೆಯಲ್ಲಿ ಮಕ್ಕಳು ಇದನ್ನೇ ತಪ್ಪುತ್ತಾರೆ.

ಸಂಕರ ಹತ್ತಿಯ ಬೀಜವನ್ನು ಉಳಿಸಿಕೊಂಡು ಮರುವರ್ಷ ಬಿತ್ತಿದರೆ ಹೊಲ ಹೊಂದಿಕೆಯಿಲ್ಲದಂತೆ ಕಾಣುವುದೇಕೆ ಎಂಬುದಕ್ಕೂ ಉತ್ತರ ಇದೇ ಗುಣಾಕಾರದಲ್ಲಿದೆ. ಒಂದು ಜೋಡಿ ಅಕ್ಷರದ ಲೆಕ್ಕದಲ್ಲಿ ತಾಯಿಯಂತೆಯೇ Tt ಆಗಿ ಉಳಿಯುವುದು ಅರ್ಧ. ಎರಡು ಜೋಡಿಯಲ್ಲಿ 1/2 × 1/2, ಕಾಲು ಭಾಗ. ಬೇರೆ ಬೇರೆ ಕಡೆ ಇರುವ ಹತ್ತು ಜೋಡಿ ಎಂದುಕೊಂಡರೆ 1024ರಲ್ಲಿ ಒಂದು. ಇಳುವರಿ ಹತ್ತೇ ಜೀನಿನ ಕೆಲಸವೂ ಅಲ್ಲ.

ಈ ಹೆಜ್ಜೆಗಳಿಗೂ ಮಿತಿ ಇದೆ, ಅದನ್ನು ಮಕ್ಕಳಿಗೆ ಮುಚ್ಚಿಡಬಾರದು. ಸಂಜೆ ಮಲ್ಲಿಗೆಯ ಕೆಂಪು ಹೂವಿನ ಗಿಡವನ್ನು ಬಿಳಿ ಹೂವಿನ ಗಿಡದೊಂದಿಗೆ ಸೇರಿಸಿದರೆ ಗುಲಾಬಿ ಬಣ್ಣ ಬರುತ್ತದೆ. ಅಲ್ಲಿ ಯಾವುದೂ ಪೂರ್ತಿ ಅಡಗುವುದಿಲ್ಲ, ಮುಂದಿನ ಪೀಳಿಗೆಯಲ್ಲಿ 1 ಕೆಂಪು, 2 ಗುಲಾಬಿ, 1 ಬಿಳಿ. ಮೊದಲ ಐದು ಹೆಜ್ಜೆ ಹಾಗೆಯೇ ಇರುತ್ತವೆ, ಆರನೆಯದು ಮಾತ್ರ ಬದಲಾಗುತ್ತದೆ. ಅದಕ್ಕೇ ಐದನ್ನೂ ಆರನ್ನೂ ಬೇರೆ ಮಾಡಿದ್ದು. ಇನ್ನೊಂದು, ಎರಡು ಜೀನುಗಳು ಒಂದೇ ವರ್ಣತಂತುವಿನಲ್ಲಿ ಹತ್ತಿರ ಹತ್ತಿರ ಇದ್ದರೆ ಒಟ್ಟಿಗೇ ಸಾಗುತ್ತವೆ, ಗುಣಾಕಾರ ನಡೆಯುವುದಿಲ್ಲ. ವಿಚಿತ್ರವೆಂದರೆ ಇದನ್ನು ಮೊದಲು ಕಂಡವರಲ್ಲಿ ಚೌಕದ ಪುನೆಟ್ ಕೂಡ ಒಬ್ಬ, ಬೇಟ್ಸನ್ ಜೊತೆ ಸ್ವೀಟ್ ಪೀ ಹೂಗಿಡಗಳಲ್ಲಿ. ಹತ್ತನೇ ತರಗತಿಯ ಲೆಕ್ಕಗಳಲ್ಲಿ ಇದು ಬರುವುದಿಲ್ಲ, ಮುಂದೆ ಇಂಟರ್‌ನಲ್ಲಿ ಬೈಪಿಸಿ ತೆಗೆದುಕೊಂಡರೆ ಬರುತ್ತದೆ. ಆಗ 9:3:3:1 ಬಾಯಿಪಾಠ ಮಾಡಿದವನು ಎಡವುತ್ತಾನೆ, ಗುಣಿಸಿ ಕಲಿತವನು ಯಾಕೆ ಗುಣಿಸಬಾರದು ಎಂದು ಕೇಳುತ್ತಾನೆ.

ಶಾಲೆಯಲ್ಲಿ ಇದಕ್ಕೆ ಹೆಚ್ಚು ಸಮಯ ಬೇಕಿಲ್ಲ. ಮೆಂಡಲನ ಕಥೆಗೆ ಒಂದು ಪಿರಿಯಡ್ ಸಾಕು. ಮುಂದಿನ ಮೂರು ಪಿರಿಯಡ್‌ಗಳಲ್ಲಿ ಮೇಷ್ಟರು ಮಾತು ಕಡಿಮೆ ಮಾಡಿ ಲೆಕ್ಕ ಕೊಡಲಿ. ಮೊದಲ ದಿನ ಲಿಂಗಾಣುವಿನ ಸಾಲು ಮಾತ್ರ: TT, Tt, tt, RrYy, RRYy, rrYy ಹೀಗೆ ಇಪ್ಪತ್ತು ಗಿಡ ಕೊಟ್ಟು ‘ಇದು ಏನೇನು ಕೊಡಬಲ್ಲದು’ ಎಂದಷ್ಟೇ ಬರೆಸಲಿ, ಚೌಕವೇ ಬೇಡ. ಎರಡನೆಯ ದಿನ ಒಂದು ಗುಣದ ಆರು ಸಂಕರಗಳು. ಅಷ್ಟೇ ಇರುವುದು: TT × TT, TT × Tt, TT × tt, Tt × Tt, Tt × tt, tt × tt. ಈ ಆರನ್ನು ಒಮ್ಮೆ ಕೈಯಾರೆ ಬಿಡಿಸಿದ ಮಗುವಿಗೆ ಎರಡು ಗುಣದ ಯಾವ ಲೆಕ್ಕವೂ ಹೊಸದಲ್ಲ, ಈ ಆರರಲ್ಲಿ ಎರಡನ್ನು ಆರಿಸಿ ಗುಣಿಸುವುದಷ್ಟೇ. ಮೂರನೆಯ ದಿನ ಅದು. ಹತ್ತಿ ಬಿಡಿಸುವ ಕಾಲದಲ್ಲಿ ವಾರಗಟ್ಟಲೆ ಶಾಲೆ ತಪ್ಪುವ ಮಕ್ಕಳಿಗೂ ಈ ಆರು ಹೆಜ್ಜೆ ಒಂದು ಹಾಳೆಯಲ್ಲಿ ಸಿಕ್ಕರೆ ಗೆಳೆಯರ ಸಹಾಯದಿಂದ ದಾರಿ ಹಿಡಿಯಬಲ್ಲರು. ತಪ್ಪಿಹೋದ ಭಾಷಣವನ್ನು ಮಾತ್ರ ಯಾರೂ ಮತ್ತೆ ಹೇಳುವುದಿಲ್ಲ.

ಮುಂದಿನ ಪಾಲಕರ ಸಭೆಗೆ ಹೋದಾಗ ಮಗುವಿನ ಜೀವಶಾಸ್ತ್ರದ ನೋಟ್ಸ್ ತೆಗೆಸಿ ನೋಡಿ. ಮೆಂಡಲನ ಪಾಠದಲ್ಲಿ ಎಷ್ಟು ಚೌಕಗಳಿವೆ ಎಣಿಸಿ. ಎರಡೇ ಇದ್ದು, ಎರಡೂ ಹಲಗೆಯಿಂದ ಇಳಿಸಿಕೊಂಡವಾದರೆ, ಆರು ಸಂಕರಗಳನ್ನು ಮಕ್ಕಳ ಕೈಯಿಂದಲೇ ಬಿಡಿಸಿ ಎಂದು ಮೇಷ್ಟರನ್ನು ಕೇಳಿಕೊಳ್ಳಿ. ಪ್ರತಿ ಲೆಕ್ಕದ ಮೊದಲ ಸಾಲಿನಲ್ಲಿ ಕನ್ನಡದ ಗುರುತು ಇದೆಯೇ, ಸೊನ್ನೆಯೊಳಗೆ ಪ್ರತಿ ಗುಣಕ್ಕೆ ಒಂದೇ ಅಕ್ಷರ ಇದೆಯೇ ಎಂಬ ಎರಡನ್ನು ನೀವೇ ಮನೆಯಲ್ಲಿ ತಿದ್ದಬಹುದು.